‘ಮಾನ್ಯರೇ’ ಎಲ್ಲಿ, ‘ನಮಸ್ಕಾರ ಸರ್’ ಎಲ್ಲಿ? ಶಾಲಾ ಪತ್ರ ಮತ್ತು ಇ-ಮೇಲ್ ಬರವಣಿಗೆಯ ಕುರಿತು

ಸಾಲಿಗ್ರಾಮದ ಸಮೀಪದ ಒಂದು ಪ್ರೌಢಶಾಲೆಯಲ್ಲಿ ಅಭ್ಯಾಸ ಬೋಧನೆ ಮಾಡುತ್ತಿದ್ದಾಗ ನಾನು ಒಂದೇ ತಿಂಗಳಲ್ಲಿ ಎರಡು ಪತ್ರಗಳನ್ನು ತಪ್ಪಾಗಿ ಬರೆದೆ. ಎರಡರಲ್ಲೂ ಕಾಗುಣಿತದ ತಪ್ಪಿರಲಿಲ್ಲ, ವ್ಯಾಕರಣದ ತಪ್ಪಿರಲಿಲ್ಲ. ಒಂದು ಇ-ಮೇಲನ್ನು ಅರ್ಜಿಯ ಹಾಗೆ ಬರೆದಿದ್ದೆ, ಅರ್ಜಿ ಆಗಬೇಕಾದದ್ದನ್ನು ಇ-ಮೇಲ್ ಹಾಗೆ ಬರೆದಿದ್ದೆ. ನಾನು ವಿಜ್ಞಾನದ ಪ್ರಶಿಕ್ಷಣಾರ್ಥಿ. ಪತ್ರಲೇಖನ ಭಾಷಾ ಶಿಕ್ಷಕರ ವಿಷಯ ಎಂದುಕೊಂಡಿದ್ದೆ. ಆದರೆ ಶಾಲೆಯೊಳಗೆ ಕಾಲಿಟ್ಟ ಮೇಲೆ ಯಾವ ವಿಷಯದ ಶಿಕ್ಷಕರಿಗೂ ಪತ್ರ ಬರೆಯದೆ ಒಂದು ವಾರವೂ ಕಳೆಯುವುದಿಲ್ಲ ಎಂಬುದು ತಿಳಿಯಿತು. ಆ ಎರಡು ತಪ್ಪುಗಳಿಂದ ನಾನು ಕಲಿತದ್ದನ್ನು, ಆಮೇಲೆ ಒಂಬತ್ತನೆಯ ತರಗತಿಯಲ್ಲಿ ಪಾಠ ಮಾಡಿ ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಎರಡು ತಪ್ಪುಗಳು

ಮೊದಲನೆಯದು ನಮ್ಮ ಮಾರ್ಗದರ್ಶಕ ಉಪನ್ಯಾಸಕರಿಗೆ ಬರೆದದ್ದು. ಅವರು ಗುರುವಾರ ನನ್ನ ಪಾಠ ವೀಕ್ಷಣೆಗೆ ಬರುವವರಿದ್ದರು. ಆ ದಿನ ಶಾಲೆಯಲ್ಲಿ ಕಿರುಪರೀಕ್ಷೆ ಇದೆ ಎಂದು ಮಂಗಳವಾರ ಗೊತ್ತಾಯಿತು. ವೀಕ್ಷಣೆಯನ್ನು ಶುಕ್ರವಾರಕ್ಕೆ ಬದಲಿಸಬೇಕೆಂದು ಇ-ಮೇಲ್ ಬರೆದೆ. ಹತ್ತನೆಯ ತರಗತಿಯಲ್ಲಿ ಕಲಿತ ಕ್ರಮವನ್ನು ಒಂದಕ್ಷರವೂ ಬಿಡಲಿಲ್ಲ. ‘ಇವರಿಂದ’ ಎಂದು ಹಾಕಿ ನನ್ನ ಹೆಸರು, ನೋಂದಣಿ ಸಂಖ್ಯೆ, ಕಾಲೇಜು, ಊರು, ‘ಇವರಿಗೆ’ ಎಂದು ಹಾಕಿ ಅವರ ಹೆಸರು, ಹುದ್ದೆ, ಕಾಲೇಜು, ಊರು, ದಿನಾಂಕ, ‘ಮಾನ್ಯರೇ’, ವಿಷಯ, ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬ ಪೀಠಿಕೆ. ಇಷ್ಟೆಲ್ಲ ಆದ ಮೇಲೆ ಗುರುವಾರದ ಮಾತು. Subject ಎಂಬ ಜಾಗವನ್ನು ಖಾಲಿ ಬಿಟ್ಟಿದ್ದೆ. ವಿಷಯವನ್ನು ಒಳಗೆ ಬರೆದಿದ್ದೇನಲ್ಲ ಎಂಬ ಧೈರ್ಯ.

ಗುರುವಾರ ಬೆಳಿಗ್ಗೆ ಸರ್ ಬಸ್ಸಿನಲ್ಲಿ ಬಂದಿಳಿದರು. ಮಕ್ಕಳು ಪರೀಕ್ಷೆ ಬರೆಯುತ್ತಿದ್ದರು. ಅವರು ಮೊಬೈಲ್ ತೆರೆದು ನನ್ನ ಮೇಲ್ ತೋರಿಸಿದರು. ಪಟ್ಟಿಯಲ್ಲಿ ಕಾಣುತ್ತಿದ್ದದ್ದು ನನ್ನ ಹೆಸರು, ಅದರ ಕೆಳಗೆ (no subject), ಅದರ ಕೆಳಗೆ ‘ಇವರಿಂದ,’ ಮತ್ತೆ ನನ್ನದೇ ಹೆಸರು. ಸರ್ ಬೈಯಲಿಲ್ಲ. “ನನಗೆ ಬೇಕಾದ ಸಾಲು ಇದರಲ್ಲಿ ಹದಿನಾಲ್ಕನೆಯದು ಮಾರಾಯ್ರೆ” ಎಂದಷ್ಟೇ ಹೇಳಿದರು.

ಅರ್ಜಿಯ ಕ್ರಮವೇ ಹಳತಾಯಿತು ಎಂದು ನಾನು ತೀರ್ಮಾನಿಸಿಬಿಟ್ಟೆ. ಎರಡನೆಯ ತಪ್ಪು ಅಲ್ಲಿಂದ ಹುಟ್ಟಿತು. ಎಂಟನೆಯ ತರಗತಿಗೆ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’ ಪಾಠ ಮಾಡುತ್ತಿದ್ದೆ. ಮಕ್ಕಳನ್ನು ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರಕ್ಕೆ ಕರೆದೊಯ್ದು, ಮುಂಗಾರಿನ ಭತ್ತ ಕೊಯ್ಲಿಗೆ ಬಂದದ್ದನ್ನು ತೋರಿಸಬೇಕೆಂಬ ಆಸೆ. ಮುಖ್ಯೋಪಾಧ್ಯಾಯಿನಿಯವರಿಗೆ ರಾತ್ರಿ ಮೇಲ್ ಕಳುಹಿಸಿದೆ: “ನಮಸ್ತೆ ಮೇಡಂ, 8ನೇ ಕ್ಲಾಸಿನವರನ್ನು ಬ್ರಹ್ಮಾವರಕ್ಕೆ ಕರೆದುಕೊಂಡು ಹೋಗೋಣ ಅಂತ ಇದ್ದೇನೆ, ಆಗಬಹುದಾ?” ಮರುದಿನ ಅವರು ಎದುರು ಸಿಕ್ಕಾಗ “ಆಗಬಹುದು, ಒಳ್ಳೆಯದು” ಎಂದರು. ನಾನು ಅನುಮತಿ ಸಿಕ್ಕಿತೆಂದು ತಿಳಿದೆ. ಒಂದು ವಾರ ಬಿಟ್ಟು ಪೋಷಕರ ಒಪ್ಪಿಗೆ ಚೀಟಿ ಹಂಚಲು ಕಚೇರಿಗೆ ಹೋದರೆ ಗುಮಾಸ್ತರು ಫೈಲ್ ತೆರೆದು ನೋಡಿ ಕೇಳಿದರು, “ನಿಮ್ಮ ಅರ್ಜಿ ಎಲ್ಲಿ?” ಅರ್ಜಿಯಿಲ್ಲದೆ ಅನುಮತಿಯ ಷರಾ ಇಲ್ಲ; ಷರಾ ಇಲ್ಲದೆ ಒಪ್ಪಿಗೆ ಚೀಟಿ ಇಲ್ಲ, ವಾಹನವೂ ಇಲ್ಲ. ಎಲ್ಲ ಸರಿಮಾಡಿಕೊಂಡು ನಾವು ಬ್ರಹ್ಮಾವರ ತಲುಪುವಾಗ ಗದ್ದೆಯಲ್ಲಿ ಕೂಳೆ ಮಾತ್ರ ಉಳಿದಿತ್ತು. ಮಕ್ಕಳು ಬೇರೆ ಸಂಗತಿಗಳನ್ನು ನೋಡಿ ಖುಷಿಪಟ್ಟರು, ನಿಜ. ಕೊಯ್ಲನ್ನು ಮಾತ್ರ ನೋಡಲಿಲ್ಲ.

ಅರ್ಜಿಯ ಪ್ರತಿ ಸಾಲಿಗೂ ಒಂದು ಕೆಲಸವಿದೆ

ಆಮೇಲೆ ಕುಳಿತು ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ಅರ್ಜಿಯ ಕ್ರಮವನ್ನು ನಾವು ಮಕ್ಕಳಿಗೆ ಅಂಕಕ್ಕಾಗಿ ಕಂಠಪಾಠ ಮಾಡಿಸುತ್ತೇವೆ. ಯಾವ ಸಾಲು ಯಾಕೆ ಇದೆ ಎಂದು ಹೇಳುವುದಿಲ್ಲ. ಕಾರಣ ಗೊತ್ತಿಲ್ಲದವರಿಗೆ ಎಲ್ಲಿ ಬಿಡಬೇಕು, ಎಲ್ಲಿ ಉಳಿಸಬೇಕು ಎಂಬುದೂ ಗೊತ್ತಾಗುವುದಿಲ್ಲ.

ಕಾಗದದ ಪತ್ರ ಕವರಿನಿಂದ ಹೊರಬಂದ ಮೇಲೆ ಒಂಟಿಯಾಗುತ್ತದೆ. ಯಾರು ಬರೆದರು, ಯಾರಿಗೆ, ಯಾವಾಗ ಎಂಬುದನ್ನು ಆ ಹಾಳೆಯೇ ಹೇಳಬೇಕು. ಆದ್ದರಿಂದಲೇ ‘ಇವರಿಂದ’, ‘ಇವರಿಗೆ’, ದಿನಾಂಕ. ಕಚೇರಿಯಲ್ಲಿ ಅದು ಮೊದಲು ಟಪಾಲಿಗೆ ಸೇರುತ್ತದೆ. ಬಂದ ಪತ್ರಗಳ ವಹಿಯಲ್ಲಿ ಒಂದು ಸಂಖ್ಯೆ ಪಡೆಯುತ್ತದೆ. ವಹಿಯಲ್ಲಿ ಬರೆಯುವವರು ಇಡೀ ಪತ್ರ ಓದುವುದಿಲ್ಲ, ‘ವಿಷಯ’ದ ಸಾಲನ್ನು ಮಾತ್ರ ನಕಲು ಮಾಡಿಕೊಳ್ಳುತ್ತಾರೆ. ‘ಉಲ್ಲೇಖ’ ಹಿಂದಿನ ಪತ್ರವನ್ನು ಹುಡುಕಿ ಜೋಡಿಸಲು. ಎಡಬದಿಯ ಅಂಚು ಖಾಲಿ ಬಿಡುವುದು ಅಂದಕ್ಕಲ್ಲ. ಅಲ್ಲಿ ಮುಖ್ಯೋಪಾಧ್ಯಾಯರು ‘ಅನುಮತಿಸಿದೆ’ ಎಂದು ಷರಾ ಬರೆದು ಸಹಿ ಹಾಕುತ್ತಾರೆ, ಅದರಾಚೆ ದಾರ ಕಟ್ಟಲು ತೂತು ಹೊಡೆಯುತ್ತಾರೆ. ಕೊನೆಯ ಸಹಿ ಈ ಮಾತಿಗೆ ನಾನು ಹೊಣೆ ಎಂಬುದರ ಗುರುತು.

ಇ-ಮೇಲಿನಲ್ಲಿ ಇವುಗಳಲ್ಲಿ ಹಲವು ಕೆಲಸಗಳನ್ನು ಪರದೆಯೇ ಮಾಡುತ್ತದೆ. ಕಳುಹಿಸಿದವರ ವಿಳಾಸ, ದಿನಾಂಕ, ಗಂಟೆ, ನಿಮಿಷ ತಾನಾಗಿ ಮೂಡುತ್ತವೆ. ‘ಇವರಿಗೆ’ ಎಂಬುದು To ಆಗುತ್ತದೆ, ‘ವಿಷಯ’ ಎಂಬುದು Subject ಆಗುತ್ತದೆ. ಬಂದ ಮೇಲಿಗೇ ಉತ್ತರ ಬರೆದರೆ ಹಿಂದಿನದು ಕೆಳಗೆ ಅಂಟಿಕೊಂಡೇ ಬರುತ್ತದೆ, ಹಾಗಾಗಿ ಉಲ್ಲೇಖವೂ ಬೇಡ. ಈ ಸಾಲುಗಳನ್ನು ಒಳಗೆ ಮತ್ತೆ ಬರೆದರೆ ಅದು ಗೌರವವಾಗುವುದಿಲ್ಲ, ಓದುವವರ ದಾರಿಗೆ ಅಡ್ಡವಾಗುತ್ತದೆ. ನನ್ನ ಮೊದಲನೆಯ ತಪ್ಪು ಇದೇ.

ಆದರೆ ಪರದೆ ಮಾಡದ ಕೆಲಸಗಳೂ ಇವೆ. ಸಂಬೋಧನೆಯನ್ನು ಅದು ಬರೆಯುವುದಿಲ್ಲ. ನಾನು ಯಾವ ವಿಭಾಗದ, ಯಾವ ಶಾಲೆಗೆ ನಿಯೋಜನೆಗೊಂಡ ಪ್ರಶಿಕ್ಷಣಾರ್ಥಿ ಎಂದು ಹೇಳುವುದಿಲ್ಲ. ಅಂಚಿನಲ್ಲಿ ಷರಾ ಬರೆಯಲು ಜಾಗ ಕೊಡುವುದಿಲ್ಲ. ಮೇಲ್ ವಿಳಾಸ ಗೆಳೆಯನ ಅಡ್ಡಹೆಸರಿನ ಹಾಗೆ ಇದ್ದರಂತೂ ಕಳುಹಿಸಿದವರು ಯಾರೆಂದೇ ತಿಳಿಯದು. ಇವನ್ನೆಲ್ಲ ನಾವೇ ಬರೆಯಬೇಕು.

ಯಾವುದನ್ನು ಆರಿಸುವುದು?

ಗೌರವ ಕೊಡಬೇಕಾದವರಿಗೆ ಪತ್ರ, ಸಲುಗೆಯವರಿಗೆ ಮೇಲ್ ಎಂಬುದು ನನ್ನ ಹಿಂದಿನ ಲೆಕ್ಕ. ನನ್ನ ತರಗತಿಯ ಮಕ್ಕಳದ್ದೂ ಅದೇ ಲೆಕ್ಕವಾಗಿತ್ತು. ಅದು ತಪ್ಪು. ಉಪನ್ಯಾಸಕರಿಗೂ ಮುಖ್ಯೋಪಾಧ್ಯಾಯಿನಿಯವರಿಗೂ ನಾನು ಕೊಡುವ ಗೌರವ ಒಂದೇ. ವ್ಯತ್ಯಾಸ ಇದ್ದದ್ದು ನನ್ನ ಮಾತು ಅವರ ಕೈ ಸೇರಿದ ಮೇಲೆ ಮುಂದೆ ಎಲ್ಲಿಗೆ ಹೋಗಬೇಕಿತ್ತು ಎಂಬುದರಲ್ಲಿ. ವೀಕ್ಷಣೆಯ ದಿನ ಬದಲಿಸುವ ಮಾತು ಸರ್ ಅವರ ತಲೆಗೆ ಹೋದರೆ ಸಾಕಿತ್ತು. ಕ್ಷೇತ್ರ ಭೇಟಿಯ ಮಾತು ಫೈಲಿಗೆ ಹೋಗಬೇಕಿತ್ತು, ಸಹಿ ಪಡೆಯಬೇಕಿತ್ತು, ಆ ಸಹಿಯನ್ನು ನಂಬಿ ಇನ್ನೊಬ್ಬರು ಕೆಲಸ ಮಾಡಬೇಕಿತ್ತು.

ಆದ್ದರಿಂದ ಈಗ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ಓದಿದವರು ಉತ್ತರ ಕೊಟ್ಟರೆ ಸಾಕೇ, ಅಥವಾ ಇದರ ಮೇಲೆ ಸಹಿ ಹಾಕಬೇಕೇ? ಉತ್ತರ ಸಾಕಾದರೆ ಮೇಲ್. ಸಹಿ, ಮೊಹರು, ಷರಾ ಬೇಕಾದರೆ ಅರ್ಜಿ. ರಜೆ, ವರ್ಗಾವಣೆ ಪ್ರಮಾಣಪತ್ರ, ವ್ಯಾಸಂಗ ದೃಢೀಕರಣ, ಹಾಜರಾತಿ ಕೊರತೆಯ ಮನವಿ, ಕ್ಷೇತ್ರ ಭೇಟಿ ಇವು ಎರಡನೆಯ ಗುಂಪಿಗೆ ಸೇರುತ್ತವೆ. ಪಾಠಯೋಜನೆ ತೋರಿಸುವುದು, ಸಮಯ ಕೇಳುವುದು, ಸಂದೇಹ ಕೇಳುವುದು ಮೊದಲನೆಯದಕ್ಕೆ. ಅರ್ಜಿ ಕೊಡುವಾಗ ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ಬರಬೇಕು. ‘ಕೊಟ್ಟಿದ್ದೆ’ ಎನ್ನುವುದಕ್ಕೆ ಅದೇ ಸಾಕ್ಷಿ.

ಮೇಲ್ ಕಾನೂನಿನ ಮುಂದೆ ನಿಲ್ಲುವುದಿಲ್ಲ ಎಂದು ಇದರ ಅರ್ಥವಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ದಾಖಲೆಗಳಿಗೂ ಮಾನ್ಯತೆ ಕೊಟ್ಟಿದೆ. ಆದರೆ ಒಂದು ಶಾಲೆಯ ಕಪಾಟಿನಲ್ಲಿರುವ ಫೈಲ್ ಕಾಗದದ್ದಾಗಿರುವಷ್ಟು ದಿನ ನಮ್ಮ ಕೋರಿಕೆಯೂ ಕಾಗದವಾಗಿಯೇ ಅದರೊಳಗೆ ಹೋಗಬೇಕು.

ಒಂದೇ ಕೋರಿಕೆ, ಎರಡು ರೂಪ

ಕ್ಷೇತ್ರ ಭೇಟಿಯ ಕೋರಿಕೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ನಾನು ಕೊನೆಗೆ ಕೊಟ್ಟ ಅರ್ಜಿಯ ಮುಖ್ಯ ಭಾಗ ಹೀಗಿತ್ತು. ಮೇಲಿನ ವಿಳಾಸಗಳನ್ನು ಇಲ್ಲಿ ಬಿಟ್ಟಿದ್ದೇನೆ.

ಮಾನ್ಯರೇ,

ವಿಷಯ: 8ನೇ ತರಗತಿ ವಿದ್ಯಾರ್ಥಿಗಳ ಕ್ಷೇತ್ರ ಭೇಟಿಗೆ ಅನುಮತಿ ಕೋರಿ.

ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಶಾಲೆಯ 8ನೇ ತರಗತಿಯ 38 ವಿದ್ಯಾರ್ಥಿಗಳನ್ನು ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’ ಪಾಠದ ಅಂಗವಾಗಿ ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರಕ್ಕೆ ನವೆಂಬರ್ 8ರಂದು ಬೆಳಿಗ್ಗೆ 9.30ರಿಂದ ಮಧ್ಯಾಹ್ನ 1.30ರವರೆಗೆ ಕರೆದೊಯ್ಯಲು ಉದ್ದೇಶಿಸಿದ್ದೇನೆ. ನನ್ನೊಂದಿಗೆ ಶಾಲೆಯ ಇಬ್ಬರು ಶಿಕ್ಷಕರು ಬರಲು ಒಪ್ಪಿದ್ದಾರೆ. ಪೋಷಕರ ಒಪ್ಪಿಗೆ ಪಡೆಯಲು ಮತ್ತು ವಾಹನದ ವ್ಯವಸ್ಥೆ ಮಾಡಲು ತಾವು ಅನುಮತಿ ನೀಡಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,
ಇಂತಿ ತಮ್ಮ ವಿಶ್ವಾಸಿ,
(ಸಹಿ)

ಇದೇ ಸಂಗತಿಯನ್ನು ನಮ್ಮ ಉಪನ್ಯಾಸಕರಿಗೆ ತಿಳಿಸಬೇಕಿತ್ತು. ಅವರಿಂದ ಸಹಿ ಬೇಕಿರಲಿಲ್ಲ. ಆ ದಿನ ನನ್ನ ತರಗತಿಗೆ ಅವರು ಬರಬಾರದು, ಸಾಧ್ಯವಾದರೆ ಬ್ರಹ್ಮಾವರಕ್ಕೆ ಬರಬೇಕು, ಅಷ್ಟೇ. ಅದಕ್ಕೆ ಬರೆದ ಮೇಲ್ ಇದು:

Subject: ನವೆಂಬರ್ 8 ತರಗತಿ ಇಲ್ಲ, ಕ್ಷೇತ್ರ ಭೇಟಿ: ತಾವು ಬರಬಹುದೇ?

ನಮಸ್ಕಾರ ಸರ್,

ನವೆಂಬರ್ 8ರಂದು 8ನೇ ತರಗತಿಯನ್ನು ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರಕ್ಕೆ ಕರೆದೊಯ್ಯುತ್ತಿದ್ದೇನೆ. ಆ ದಿನ ಶಾಲೆಯಲ್ಲಿ ನನ್ನ ಪಾಠ ಇರುವುದಿಲ್ಲ. ತಾವು ಅಲ್ಲಿಗೇ ಬಂದು ವೀಕ್ಷಿಸಲು ಸಾಧ್ಯವಿದ್ದರೆ ಬುಧವಾರದೊಳಗೆ ತಿಳಿಸುವಿರಾ? ಭೇಟಿಯ ಯೋಜನೆಯನ್ನು ಲಗತ್ತಿಸಿದ್ದೇನೆ.

ವಂದನೆಗಳು,
(ಹೆಸರು, ವಿಜ್ಞಾನ ವಿಭಾಗ, ನಿಯೋಜಿತ ಶಾಲೆ)

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಮೇಲಿನಲ್ಲಿ ವಿಷಯದ ಸಾಲೇ ಅರ್ಧ ಕೆಲಸ ಮುಗಿಸುತ್ತದೆ. ಮೊಬೈಲಿನ ಪಟ್ಟಿಯಲ್ಲಿ ಅದರ ಮೊದಲ ಕೆಲವು ಪದಗಳಷ್ಟೇ ಕಾಣುವುದರಿಂದ ದಿನಾಂಕ ಮತ್ತು ಮುಖ್ಯ ಸಂಗತಿ ಮುಂದೆ ಇರಬೇಕು. ‘ಕೋರಿಕೆ’ ಅಥವಾ ‘ಮುಖ್ಯ ವಿಷಯ’ ಎಂದು ಬರೆದರೆ ಏನೂ ತಿಳಿಯುವುದಿಲ್ಲ. ಮೇಲಿನಲ್ಲಿ ಪೀಠಿಕೆ ಇಲ್ಲ, ಆದರೆ ‘ತಾವು’ ಇದೆ, ‘ತಿಳಿಸುವಿರಾ’ ಇದೆ. ರೂಪ ಚಿಕ್ಕದಾದ ಮಾತ್ರಕ್ಕೆ ಗೌರವ ಚಿಕ್ಕದಾಗಲಿಲ್ಲ.

ಇನ್ನೊಂದು ಮಧ್ಯದ ದಾರಿಯೂ ಇದೆ. ದೂರದ ಕಚೇರಿಗೆ ಅರ್ಜಿಯನ್ನು ಸಹಿ ಹಾಕಿ ಸ್ಕ್ಯಾನ್ ಮಾಡಿ ಮೇಲಿನಲ್ಲಿ ಲಗತ್ತಿಸಬಹುದು. ಆಗ ಅರ್ಜಿ ತನ್ನ ಪೂರ್ಣ ರೂಪದಲ್ಲೇ ಇರುತ್ತದೆ, ‘ಮಾನ್ಯರೇ’ ಸಹಿತ. ಮೇಲಿನ ಒಳಗೆ ಮೂರು ಸಾಲು ಸಾಕು: ನಾನು ಯಾರು, ಏನನ್ನು ಲಗತ್ತಿಸಿದ್ದೇನೆ, ಏನಾಗಬೇಕು.

ಇಲ್ಲಿ ಕನ್ನಡದಲ್ಲಿ ಬರೆಯುವವರಿಗೆ ಒಂದು ವಿಶೇಷ ಎಚ್ಚರಿಕೆ. ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ಹಾಗೆಯೇ ನಕಲಿಸಿ ಮೇಲಿನ ಒಳಗೆ ಅಂಟಿಸಿದರೆ, ಆ ಅಕ್ಷರಶೈಲಿ ಅಲ್ಲಿ ಇಲ್ಲದಿರುವುದರಿಂದ ‘ಮಾನ್ಯರೇ’ ಎಂಬುದು ಓದುವವರ ಪರದೆಯ ಮೇಲೆ `ªÀiÁ£ÀågÉÃ` ಎಂದು ಕಾಣುತ್ತದೆ. ನನ್ನ ಸಹಪಾಠಿಯೊಬ್ಬರ ಮೇಲ್ ಹೀಗೆಯೇ ಹೋಗಿ, ಅದನ್ನು ಯಾರೋ ಕಿಡಿಗೇಡಿಗಳು ಕಳುಹಿಸಿದ್ದೆಂದು ಅಳಿಸಿಹಾಕಲಾಗಿತ್ತು. ಯುನಿಕೋಡಿನಲ್ಲಿ ಟೈಪ್ ಮಾಡಬೇಕು, ಇಲ್ಲವೇ ಪಿಡಿಎಫ್ ಮಾಡಿ ಲಗತ್ತಿಸಬೇಕು. ಮೊದಲು ತನಗೇ ಒಂದು ಪ್ರತಿ ಕಳುಹಿಸಿಕೊಂಡು ಮೊಬೈಲಿನಲ್ಲಿ ತೆರೆದು ನೋಡಿದರೆ ತಿಳಿದುಬಿಡುತ್ತದೆ.

‘ಮೂಲಕ’ ಮತ್ತು Cc ಒಂದೇ ಅಲ್ಲ

ಪ್ರಶಿಕ್ಷಣಾರ್ಥಿಗಳು ಹೆಚ್ಚಾಗಿ ಎಡವುವ ಜಾಗ ಇದು. ನಾವು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಏನಾದರೂ ಬರೆಯಬೇಕಾದರೆ ‘ಪ್ರಾಂಶುಪಾಲರ ಮೂಲಕ’ ಎಂದು ಬರೆಯುತ್ತೇವೆ. ಅದರರ್ಥ, ಪತ್ರ ಮೊದಲು ಪ್ರಾಂಶುಪಾಲರ ಮೇಜಿಗೆ ಹೋಗುತ್ತದೆ, ಅವರು ಓದಿ ಒಪ್ಪಿ ಮುಂದಕ್ಕೆ ಕಳುಹಿಸುತ್ತಾರೆ. ಅವರು ತಡೆಯಬಹುದು, ತಿದ್ದಲು ಹೇಳಬಹುದು. ಮೇಲಿನಲ್ಲಿ ಬ್ರಹ್ಮಾವರದ ಕಚೇರಿಯ ವಿಳಾಸವನ್ನು To ಜಾಗದಲ್ಲೂ ಪ್ರಾಂಶುಪಾಲರದ್ದನ್ನು Cc ಜಾಗದಲ್ಲೂ ಹಾಕಿದರೆ ಇಬ್ಬರಿಗೂ ಒಂದೇ ಕ್ಷಣದಲ್ಲಿ ತಲುಪುತ್ತದೆ. ಪ್ರಾಂಶುಪಾಲರಿಗೆ ಒಪ್ಪಲು ಅವಕಾಶವೇ ಇಲ್ಲ, ಕೇವಲ ತಿಳಿಯಿತು ಅಷ್ಟೇ. ಅರ್ಜಿಯ ಕೆಳಗೆ ‘ಪ್ರತಿ: ಮಾಹಿತಿಗಾಗಿ’ ಎಂದು ಬರೆಯುವುದಕ್ಕೆ Cc ಸಮಾನ, ‘ಮೂಲಕ’ಕ್ಕೆ ಅಲ್ಲ. ‘ಮೂಲಕ’ವನ್ನು ಮೇಲಿನಲ್ಲಿ ಪಾಲಿಸಬೇಕಾದರೆ ಪ್ರಾಂಶುಪಾಲರಿಗೆ ಮಾತ್ರ ಕಳುಹಿಸಿ, ಮುಂದಕ್ಕೆ ರವಾನಿಸಬೇಕೆಂದು ಕೋರಬೇಕು.

ಸಂಬೋಧನೆ ಬದಲಾದರೆ ಧ್ವನಿ ಬದಲಾಗುತ್ತದೆ

ರೂಪವನ್ನು ಪತ್ರ ಹೋಗಬೇಕಾದ ದಾರಿ ನಿರ್ಧರಿಸುತ್ತದೆ ಎಂದೆ. ಸಂಬೋಧನೆಯನ್ನು ನಿರ್ಧರಿಸುವುದು ಸಂಬಂಧ. ಇವು ಎರಡು ಬೇರೆ ಬೇರೆ ನಿರ್ಧಾರಗಳು.

‘ಮಾನ್ಯರೇ’ ಎಂಬುದರ ಗುಣವೆಂದರೆ ಅದು ಕುರ್ಚಿಯನ್ನು ಕರೆಯುತ್ತದೆ. ಅಲ್ಲಿ ಕುಳಿತವರು ಗಂಡಸೋ ಹೆಂಗಸೋ, ಅವರ ಹೆಸರೇನು ಎಂದು ತಿಳಿದಿರಬೇಕಿಲ್ಲ. ಇವತ್ತು ಬರೆದ ಅರ್ಜಿಯನ್ನು ನಾಳೆ ವರ್ಗವಾಗಿ ಬಂದ ಇನ್ನೊಬ್ಬರು ಓದಿದರೂ ಅದು ಸರಿಯೇ. ಆದ್ದರಿಂದ ಅರ್ಜಿಗೆ ಅದು ಒಗ್ಗುತ್ತದೆ. ಅದೇ ಪದವನ್ನು ದಿನಾ ಮಾತನಾಡುವ ಉಪನ್ಯಾಸಕರಿಗೆ ಮೇಲಿನಲ್ಲಿ ಬರೆದರೆ, ಏನೋ ದೂರು ಬರುತ್ತಿದೆ ಎಂಬ ಭಾವನೆ ಹುಟ್ಟುತ್ತದೆ. ಅಲ್ಲಿ ‘ನಮಸ್ಕಾರ ಸರ್’, ‘ನಮಸ್ಕಾರ ಮೇಡಂ’ ಸಹಜ. ಎದುರು ಸಿಕ್ಕಾಗ ನಾವು ಹೇಳುವುದೂ ಅದನ್ನೇ.

‘ಪ್ರಿಯ’ ಎಂಬುದು ಇಂಗ್ಲಿಷಿನಿಂದ ದಾರಿ ತಪ್ಪಿ ಬರುತ್ತದೆ. ಇಂಗ್ಲಿಷ್ ಪತ್ರದ ‘ಡಿಯರ್ ಸರ್’ನಲ್ಲಿ ಪ್ರೀತಿಯೇನೂ ಇಲ್ಲ, ಅದು ಬರೀ ವಾಡಿಕೆ. ಅದನ್ನು ‘ಪ್ರಿಯ ಸರ್’ ಎಂದರೆ ಕನ್ನಡದಲ್ಲಿ ಪ್ರೀತಿ ಉಳಿದುಬಿಡುತ್ತದೆ. ಕನ್ನಡದಲ್ಲಿ ‘ಪ್ರಿಯ’ ಸಾಮಾನ್ಯವಾಗಿ ಸಮಾನರಿಗೆ ಅಥವಾ ಕಿರಿಯರಿಗೆ: ‘ಪ್ರಿಯ ಗೆಳೆಯ’, ‘ಪ್ರಿಯ ವಿದ್ಯಾರ್ಥಿಗಳೇ’. ನಮ್ಮ ಅಜ್ಜ ಅಜ್ಜಿಯರ ಕಾಲದ ಮನೆಪತ್ರಗಳಲ್ಲಿ ಈ ಮೇಲು ಕೆಳಗಿನ ಲೆಕ್ಕ ಎಷ್ಟು ನಿಖರವಾಗಿತ್ತೆಂದರೆ ತಂದೆಗೆ ‘ತೀರ್ಥರೂಪು’, ತಾಯಿಗೆ ‘ಮಾತೃಶ್ರೀ’, ಮಗನಿಗೆ ‘ಚಿರಂಜೀವಿ’. ಸಂಬೋಧನೆ ಓದಿದರೇ ಯಾರು ಯಾರಿಗೆ ಬರೆದದ್ದೆಂದು ತಿಳಿಯುತ್ತಿತ್ತು. ಆ ಪದಗಳು ಹೋದವು. ಆ ಕಿವಿ ಮಾತ್ರ ನಮ್ಮಲ್ಲಿ ಇನ್ನೂ ಇದೆ. ಅದಕ್ಕೇ ‘ಪ್ರಿಯ ಸರ್’ ಕೇಳಿದಾಗ ಹಿರಿಯರು ಹುಬ್ಬೇರಿಸುತ್ತಾರೆ.

ಮುಕ್ತಾಯವೂ ಸಂಬೋಧನೆಯ ಜೋಡಿಯೇ. ‘ವಿಧೇಯ’ ಎಂದರೆ ಹೇಳಿದ್ದನ್ನು ಕೇಳುವವನು. ವಿದ್ಯಾರ್ಥಿ ಗುರುಗಳಿಗೆ ‘ತಮ್ಮ ವಿಧೇಯ ವಿದ್ಯಾರ್ಥಿನಿ’ ಎಂದು ಬರೆಯುವುದು ರೂಢಿ. ಅದೇ ವಿದ್ಯಾರ್ಥಿನಿ ಪಟ್ಟಣ ಪಂಚಾಯಿತಿಗೆ ಬೀದಿದೀಪದ ಬಗ್ಗೆ ಬರೆಯುವಾಗ ವಿಧೇಯಳಾಗಬೇಕಿಲ್ಲ. ಆಕೆ ನಾಗರಿಕಳು, ‘ತಮ್ಮ ವಿಶ್ವಾಸಿ’ ಸಾಕು. ಇನ್ನು ಮೇಲೆ ‘ಮಾನ್ಯರೇ’ ಎಂದು ಶುರುಮಾಡಿ ನಡುವೆ ‘ನೀವು ಬೇಗ ಹೇಳಿ’ ಎಂದು ಬರೆದು ಕೆಳಗೆ ‘ವಿಧೇಯ’ ಎಂದು ಮುಗಿಸಿದರೆ ಮೂವರು ಬರೆದ ಪತ್ರದಂತಾಗುತ್ತದೆ. ಪತ್ರ ಬರೆದಾದ ಮೇಲೆ ಮೊದಲ ಪದ, ನಡುವಿನ ಒಂದು ಕ್ರಿಯಾಪದ, ಕೊನೆಯ ಪದ ಈ ಮೂರನ್ನು ಒಟ್ಟಿಗೆ ಗಟ್ಟಿಯಾಗಿ ಓದಿದರೆ ಈ ದೋಷ ಕಿವಿಗೆ ಸಿಗುತ್ತದೆ.

ತರಗತಿಯಲ್ಲಿ ನೋಡಿದ್ದು

ಕನ್ನಡ ಶಿಕ್ಷಕಿ ರಜೆಯಲ್ಲಿದ್ದ ದಿನ ಒಂಬತ್ತನೆಯ ತರಗತಿಯ ಬದಲಿ ಅವಧಿ ನನಗೆ ಸಿಕ್ಕಿತು. ಕಪ್ಪುಹಲಗೆಯ ಮೇಲೆ ಎರಡು ವಾಕ್ಯ ಬರೆದೆ: “ನಿಮ್ಮ ಮಗು ಮೂರು ದಿನಗಳಿಂದ ಶಾಲೆಗೆ ಬಂದಿಲ್ಲ. ಕಾರಣ ತಿಳಿಸಬೇಕಾಗಿ ಕೋರಿಕೆ.” ಇದರ ಮೇಲೆ ಒಂದೊಂದಾಗಿ ಮೂರು ಸಂಬೋಧನೆ ಹಾಕಿ ಓದಿಸಿದೆ. ವಾಕ್ಯಗಳನ್ನು ಮುಟ್ಟಲಿಲ್ಲ. ಈ ಪತ್ರ ನಿಮ್ಮ ಮನೆಗೆ ಬಂದರೆ ಅಮ್ಮ ಏನೆಂದುಕೊಳ್ಳುತ್ತಾರೆ ಎಂದು ಕೇಳಿದೆ.

ಮೊದಲು ‘ಪೋಷಕರಿಗೆ,’ ಎಂದಷ್ಟೇ ಬರೆದೆ. “ನೋಟೀಸ್ ಬಂತು ಅಂತ ಹೆದರ್ತಾರೆ” ಎಂದಳು ಒಬ್ಬಳು. ಆಮೇಲೆ ‘ಪ್ರಿಯ ಪೋಷಕರೇ,’ ಎಂದು ಬದಲಿಸಿದೆ. ಒಬ್ಬ ಹುಡುಗ, “ವಾರ್ಷಿಕೋತ್ಸವದ ಆಮಂತ್ರಣದ ಹಾಗೆ ಉಂಟು” ಎಂದ, ತರಗತಿ ನಕ್ಕಿತು. ಅವನು ಹೇಳಿದ್ದು ಸರಿ. ಇಡೀ ಸಮೂಹವನ್ನು ಕರೆಯುವಾಗ ಬೆಚ್ಚಗಿರುವ ‘ಪ್ರಿಯ’, ಒಬ್ಬರ ಮಗುವಿನ ಗೈರುಹಾಜರಿಯ ಮೇಲೆ ಕೂತಾಗ ಅಣಕದಂತೆ ಕೇಳಿಸುತ್ತದೆ. ಕೊನೆಗೆ ಬರೆದದ್ದು ‘ನಮಸ್ಕಾರ ಅಮ್ಮ,’ ಎಂದು. ಹಿಂದಿನ ಬೆಂಚಿನ ಹುಡುಗಿ ಸ್ವಲ್ಪ ಹೊತ್ತು ಬಿಟ್ಟು, “ಇದು ಬಂದ್ರೆ ಅಮ್ಮ ಫೋನ್ ಮಾಡ್ತಾರೆ ಟೀಚರೇ” ಎಂದಳು. ಅದೇ ‘ಕಾರಣ ತಿಳಿಸಬೇಕಾಗಿ ಕೋರಿಕೆ’ ಎಂಬ ವಾಕ್ಯ ಮೊದಲನೆಯದರ ಕೆಳಗೆ ವಿಚಾರಣೆಯಾಗಿತ್ತು, ಮೂರನೆಯದರ ಕೆಳಗೆ ಕಾಳಜಿಯಾಗಿತ್ತು. ಮಕ್ಕಳು ಇದನ್ನು ನಾನು ವಿವರಿಸುವ ಮೊದಲೇ ಕೇಳಿಸಿಕೊಂಡಿದ್ದರು.

ಮುಂದಿನ ಚಟುವಟಿಕೆಯಲ್ಲಿ ಎಲ್ಲರೂ ಮುಖ್ಯೋಪಾಧ್ಯಾಯಿನಿಯವರಿಗೆ ಒಂದು ಮೇಲ್ ಬರೆಯಬೇಕಿತ್ತು, ಹಾಳೆಯ ಮೇಲೆಯೇ. ಒಬ್ಬ ತುಂಟ ‘ಹ್ವಾಯ್ ಮೇಡಂ’ ಎಂದು ಬರೆದಿದ್ದ. ನಮ್ಮ ಕುಂದಾಪ್ರ ಕನ್ನಡದಲ್ಲಿ ‘ಹ್ವಾಯ್’ ಎನ್ನುವುದರಲ್ಲಿ ಅಗೌರವವಿಲ್ಲ. ಮರ್ಯಾದೆ ಕೊಡಬೇಕಾದವರನ್ನೂ ದಾರಿಯಲ್ಲಿ ಹಾಗೆಯೇ ಕರೆಯುತ್ತೇವೆ. ಹಾಗಾದರೆ ಮೇಲಿನಲ್ಲಿ ಯಾಕೆ ಬೇಡ ಎಂದು ಅವನನ್ನೇ ಕೇಳಿದೆ. ಅವನು ಯೋಚಿಸಿ, “ಕರೆದ್ರೆ ತಿರುಗಿ ನೋಡ್ಬೇಕಲ್ಲ ಟೀಚರೇ, ಮೇಲಲ್ಲಿ ಅವ್ರು ಆಗ್ಲೇ ನೋಡ್ತಿದ್ದಾರೆ” ಎಂದ. ‘ಹ್ವಾಯ್’ ಗಮನ ಸೆಳೆಯುವ ಪದ, ಆ ಕೆಲಸವನ್ನು ಮೇಲಿನಲ್ಲಿ ವಿಷಯದ ಸಾಲು ಮಾಡಿಯಾಗಿದೆ. ಸಂಬೋಧನೆಗೆ ಉಳಿದ ಕೆಲಸ ನಮಸ್ಕರಿಸುವುದು. ಇಷ್ಟು ಚೆನ್ನಾಗಿ ನನ್ನ ಪಾಠಯೋಜನೆಯಲ್ಲಿ ಬರೆದಿರಲಿಲ್ಲ.

ಉಳಿದ ಹಾಳೆಗಳನ್ನು ತಿದ್ದುವಾಗ ಕಂಡ ಸಾಮಾನ್ಯ ತಪ್ಪು ಬೇರೆಯದೇ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಮೇಲಿನಲ್ಲೂ ‘ಇವರಿಂದ, ಇವರಿಗೆ’ ಬರೆದಿದ್ದರು, ಕೊನೆಯಲ್ಲಿ ಹೆಸರನ್ನೇ ಬರೆದಿರಲಿಲ್ಲ. ಬೇಡದ್ದು ಇತ್ತು, ಬೇಕಾದ್ದು ಇರಲಿಲ್ಲ. ನನ್ನ ಮೊದಲ ಮೇಲಿನ ನೆನಪಾಗಿ, ಆ ಹಾಳೆಗಳ ಮೇಲೆ ಕೆಂಪು ಗೀಟು ಎಳೆಯುವ ಬದಲು ಪ್ರತಿ ಸಾಲಿನ ಪಕ್ಕ ಒಂದು ಪ್ರಶ್ನೆ ಬರೆದೆ: “ಇದನ್ನು ಪರದೆ ಆಗಲೇ ಹೇಳಿದೆಯೇ?” ಮರುದಿನ ಅವರೇ ಹೊಡೆದುಹಾಕಿ ತಂದರು. ಹೆಸರು ಬಿಟ್ಟವರಿಗೆ ಕೇಳಿದ್ದು, “ಈ ಮೇಲ್ ಯಾರದೆಂದು ಮೇಡಂಗೆ ಹೇಗೆ ಗೊತ್ತಾಗಬೇಕು?”

ಈ ಪಾಠವನ್ನು ತೆಗೆದುಕೊಳ್ಳುವ ಸಹಪಾಠಿಗಳಿಗೆ ಒಂದು ಸೂಚನೆ. ಪರೀಕ್ಷೆಯಲ್ಲಿ ‘ಪತ್ರ ಬರೆಯಿರಿ’ ಎಂದು ಕೇಳಿದರೆ ಪತ್ರದ ಪೂರ್ಣ ಕ್ರಮವನ್ನೇ ಬರೆಯಬೇಕು, ಅಲ್ಲಿ ಮೇಲಿನ ಸಂಕ್ಷೇಪಕ್ಕೆ ಅಂಕವಿಲ್ಲ. ಇದನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಿಯೇ ಮೇಲನ್ನು ಕಲಿಸಿ. ನಾನು ಹೇಳಲು ಮರೆತಿದ್ದೆ. ಕನ್ನಡ ಶಿಕ್ಷಕಿ ಮರಳಿ ಬಂದ ಮೇಲೆ ಕಿರುಪರೀಕ್ಷೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ವಿಳಾಸವನ್ನೇ ಬಿಟ್ಟು “ಪರದೆಯಲ್ಲಿ ಇರುತ್ತದೆ” ಎಂದು ಅಂಚಿನಲ್ಲಿ ಬರೆದಿದ್ದರಂತೆ. ಅವರ ಅಂಕ ಹೋದದ್ದು ನನ್ನಿಂದ. ಮರುದಿನ ಹತ್ತು ನಿಮಿಷ ಕೇಳಿಕೊಂಡು ಆ ತರಗತಿಗೆ ಹೋಗಿ, ಉತ್ತರಪತ್ರಿಕೆ ಕಾಗದ, ಅದಕ್ಕೆ ಪರದೆಯಿಲ್ಲ ಎಂದು ಹೇಳಿ ಬಂದೆ.